ಹನ್ನೊಂದು ಸಾವಿರ ಹೋಯಿತೋ, ಅರವತ್ತೊಂಬತ್ತು ಸಾವಿರವೋ? ಆಪ್ಷನ್ ವ್ಯಾಪಾರದ ಒಂದು ಲೆಕ್ಕ



ಕಳೆದ ಸಲ ಸಂಘದ ಸಭೆ ಮುಗಿದು ಎಲ್ಲರೂ ಕಾಫಿ ಕುಡಿಯುತ್ತಿದ್ದಾಗ ಹೊಸೂರಿನ ಹಿರಿಯ ಸದಸ್ಯರೊಬ್ಬರು ಚೀಲದಿಂದ ನಾಲ್ಕು ಹಾಳೆ ತೆಗೆದು ಮೇಜಿನ ಮೇಲಿಟ್ಟರು. ಮಗ ಅಲ್ಲೇ ಒಂದು ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ ಮಾಡುತ್ತಾನೆ. ಬಿಡುವಿದ್ದಾಗ ಮೊಬೈಲಿನಲ್ಲಿ ನಿಫ್ಟಿ ಆಪ್ಷನ್ ಕೊಂಡು ಮಾರುತ್ತಾನೆ. "ಬರೀ ಹನ್ನೊಂದು ಸಾವಿರ ಹೋಗಿದೆ ಅಂತಾನೆ ಸಾರ್. ಎಂಬತ್ತು ಸಾವಿರ ಹಾಕಿದ್ದ, ಈಗ ನೋಡಿದರೆ ಖಾತೆಯಲ್ಲಿ ಹನ್ನೊಂದು ಸಾವಿರ ಉಳಿದಿದೆ. ಮಿಕ್ಕಿದ್ದು ಎಲ್ಲಿ ಹೋಯ್ತು, ನೀವೇ ನೋಡಿ ಹೇಳಿ" ಎಂದರು. ನಮಗೂ ಮೊದಲು ಅರ್ಥವಾಗಲಿಲ್ಲ. ಹುಡುಗ ಸುಳ್ಳು ಹೇಳುತ್ತಿದ್ದಾನೆ ಎಂದೇ ಅಲ್ಲಿದ್ದ ಕೆಲವರು ಅಂದುಕೊಂಡರು.

ಅವನು ಸುಳ್ಳು ಹೇಳಿರಲಿಲ್ಲ. 2025ರ ಜನವರಿಯಿಂದ ಡಿಸೆಂಬರ್‌ವರೆಗಿನ ಆ ಲೆಕ್ಕಪತ್ರದ ಮೊದಲ ಪುಟದಲ್ಲಿ ಕೊಂಡ ಬೆಲೆಗೂ ಮಾರಿದ ಬೆಲೆಗೂ ಇರುವ ವ್ಯತ್ಯಾಸ ಮಾತ್ರ ಇತ್ತು: ನಷ್ಟ 11,200 ರೂಪಾಯಿ. ಆ್ಯಪ್ ತೆರೆದಾಗ ಕಣ್ಣಿಗೆ ಬೀಳುತ್ತಿದ್ದುದೂ ಇದೇ ಅಂಕಿ. ಮೂರನೆಯ ಪುಟದ ಕೆಳಗೆ, ಸಣ್ಣ ಅಕ್ಷರದಲ್ಲಿ, 'ಚಾರ್ಜಸ್' ಎಂಬ ಸಾಲಿನ ಎದುರು 57,800 ರೂಪಾಯಿ ಇತ್ತು. ಎರಡನ್ನೂ ಕೂಡಿದರೆ 69,000. ವರ್ಷದಲ್ಲಿ ಅವನು ಕೊಂಡು ಮಾರಿದ್ದು ಸುಮಾರು 980 ಸಲ, ಅಂದರೆ ಮಾರುಕಟ್ಟೆ ತೆರೆದಿದ್ದ ದಿನಗಳಲ್ಲಿ ದಿನಕ್ಕೆ ನಾಲ್ಕು ಸಲ.

ಇಲ್ಲಿ ಒಂದು ವಿಷಯ ಗಮನಿಸಬೇಕು. 980 ವ್ಯವಹಾರಗಳಲ್ಲಿ 11,200 ನಷ್ಟವೆಂದರೆ ಒಂದಕ್ಕೆ ಹನ್ನೊಂದು ರೂಪಾಯಿ ಚಿಲ್ಲರೆ. ಹೆಚ್ಚು ಕಡಿಮೆ ನಾಣ್ಯ ಚಿಮ್ಮಿದ ಹಾಗೆ, ಒಮ್ಮೆ ಗೆಲುವು ಒಮ್ಮೆ ಸೋಲು. ಹುಡುಗ ಪೆದ್ದನಲ್ಲ, ಅವನ ಅಂದಾಜುಗಳು ಬಹಳ ಕೆಟ್ಟದಾಗಿಯೂ ಇರಲಿಲ್ಲ. ಆದರೂ ಬಂಡವಾಳದ ಬಹುಪಾಲು ಕರಗಿತು. ಇದು ಹೇಗಾಯಿತು ಎಂಬುದನ್ನು ಬಿಡಿಸಿದರೆ ದೇಶದ ತುಂಬ ಏನಾಗುತ್ತಿದೆ ಎಂಬುದೂ ತಿಳಿಯುತ್ತದೆ.

ಒಂದು ವ್ಯವಹಾರವನ್ನು ತೆಗೆದುಕೊಳ್ಳೋಣ. 2025ರಲ್ಲಿ ನಿಫ್ಟಿ ಆಪ್ಷನ್‌ನ ಒಂದು ಲಾಟ್ ಎಂದರೆ 75. ಪ್ರೀಮಿಯಂ 80 ರೂಪಾಯಿಗೆ ಒಂದು ಲಾಟ್ ಕೊಂಡ, 6,000 ಹೋಯಿತು. 84ಕ್ಕೆ ಮಾರಿದ, 6,300 ಬಂತು. ಲಾಭ 300 ಎಂದು ಪರದೆ ಹಸಿರಾಗಿ ಹೇಳುತ್ತದೆ. ಈಗ ಕಳೆಯಬೇಕಾದ್ದು: ಕೊಳ್ಳಲು 20, ಮಾರಲು 20 ದಲ್ಲಾಳಿ ಶುಲ್ಕ. ಮಾರಿದ ಪ್ರೀಮಿಯಂ ಮೇಲೆ ನೂರಕ್ಕೆ 10 ಪೈಸೆ ಎಸ್‌ಟಿಟಿ, ಅಂದರೆ 6 ರೂಪಾಯಿ 30 ಪೈಸೆ. ಎರಡೂ ಕಡೆ ಸೇರಿ ಎಕ್ಸ್‌ಚೇಂಜಿನ ಶುಲ್ಕ ಸುಮಾರು 4 ರೂಪಾಯಿ 30 ಪೈಸೆ. ದಲ್ಲಾಳಿ ಮತ್ತು ಎಕ್ಸ್‌ಚೇಂಜ್ ಶುಲ್ಕದ ಮೇಲೆ ನೂರಕ್ಕೆ 18 ಜಿಎಸ್‌ಟಿ, ಸುಮಾರು 8 ರೂಪಾಯಿ. ಸ್ಟಾಂಪ್ ಶುಲ್ಕದ ಕೆಲವು ಪೈಸೆ. ಒಟ್ಟು ಸುಮಾರು 59 ರೂಪಾಯಿ.

ಮುನ್ನೂರರಲ್ಲಿ 59 ಹೋದರೆ ಹೋಗಲಿ ಅನ್ನಿಸಬಹುದು. ಆದರೆ ಇದು ಗೆದ್ದ ದಿನದ ಮಾತು. ಮುನ್ನೂರು ಸೋತ ದಿನವೂ ಹೆಚ್ಚು ಕಡಿಮೆ ಇಷ್ಟೇ ಕಟ್ಟಬೇಕು. ಒಮ್ಮೆ 300 ಗೆದ್ದು ಒಮ್ಮೆ 300 ಸೋತರೆ ನಮ್ಮ ಮನಸ್ಸಿನ ಲೆಕ್ಕದಲ್ಲಿ ಸೊನ್ನೆಗೆ ಸೊನ್ನೆ. ಖಾತೆಯ ಲೆಕ್ಕದಲ್ಲಿ 118 ರೂಪಾಯಿ ಕಡಿಮೆ. ಒಂದು ವ್ಯವಹಾರಕ್ಕೆ 59ರಂತೆ ವರ್ಷಕ್ಕೆ 980 ಸಲ ಮಾಡಿದರೆ ಸುಮಾರು 57,800. ಎಂಬತ್ತು ಸಾವಿರದ ಬಂಡವಾಳಕ್ಕೆ ಇದು ನೂರಕ್ಕೆ 72. ಅಂದರೆ ಈ ಹುಡುಗ ವರ್ಷದ ಕೊನೆಗೆ ಹಾಕಿದ ಹಣ ಹಾಗೇ ಉಳಿಸಿಕೊಳ್ಳಬೇಕಾದರೂ ಮಾರುಕಟ್ಟೆಯಿಂದ ನೂರಕ್ಕೆ 72 ಗಳಿಸಲೇಬೇಕಿತ್ತು. ಯಾವ ಊರಿನ ಯಾವ ವ್ಯಾಪಾರದಲ್ಲಿ ಬಾಡಿಗೆಯೇ ವರ್ಷಕ್ಕೆ ಬಂಡವಾಳದ ಮುಕ್ಕಾಲು ಪಾಲು ಇದ್ದರೆ ನಾವು ಅಂಗಡಿ ತೆರೆಯುತ್ತೇವೆ?

ಇಪ್ಪತ್ತು ರೂಪಾಯಿಯ ದಲ್ಲಾಳಿ ಶುಲ್ಕ ಅಗ್ಗ ಎನಿಸುವುದೇ ಇಲ್ಲಿನ ಮರ್ಮ. ಐದು ಲಕ್ಷದ ಷೇರು ಕೊಂಡು ಹತ್ತು ವರ್ಷ ಇಡುವವನಿಗೆ ಅದು ಲೆಕ್ಕಕ್ಕೇ ಇಲ್ಲ. ಆರು ಸಾವಿರ ಹಾಕಿ ಅರ್ಧ ಗಂಟೆಯಲ್ಲಿ ತೆಗೆಯುವವನಿಗೆ ಅದು ಉಪ್ಪರಿಗೆಯ ಬಾಡಿಗೆ.

ಶುಲ್ಕವೇ ಇಲ್ಲದಿದ್ದರೂ ಆಪ್ಷನ್ ಕೊಳ್ಳುವವನಿಗೆ ಎದುರಾಗುವ ಇನ್ನೊಂದು ಸಂಗತಿ ಇದೆ: ಸಮಯ. ಇದನ್ನು ಕಾಸರಗೋಡಿನ ಸದಸ್ಯರಿಗೆ ಅಡಿಕೆಯಲ್ಲಿ ಹೇಳುವುದು ಸುಲಭ. ಒಬ್ಬ ವ್ಯಾಪಾರಿಗೆ ನೀವು ಹೀಗೆ ಹೇಳಿದಿರಿ ಎಂದುಕೊಳ್ಳಿ: "ಬರುವ ಮಂಗಳವಾರ ಕಿಲೋಗೆ 450ರಂತೆ ಒಂದು ಕ್ವಿಂಟಲ್ ನನಗೆ ಕೊಡಬೇಕು. ಬೇಕಾದರೆ ಕೊಳ್ಳುತ್ತೇನೆ, ಬೇಡವಾದರೆ ಬಿಡುತ್ತೇನೆ. ಈ ಹಕ್ಕಿಗಾಗಿ ಈಗಲೇ 500 ರೂಪಾಯಿ ತೆಗೆದುಕೊಳ್ಳಿ." ಇದು ಮುಂಗಡವಲ್ಲ. ಮುಂಗಡವಾದರೆ ಬೆಲೆಯಲ್ಲಿ ವಜಾ ಆಗುತ್ತದೆ, ಇದು ಆಗುವುದಿಲ್ಲ. ಮಂಗಳವಾರ ಧಾರಣೆ 448 ಇದ್ದರೆ ನಿಮ್ಮ ಹಕ್ಕಿಗೆ ಬೆಲೆ ಇಲ್ಲ, ಐನೂರು ಹೋಯಿತು. 453 ಆದರೂ 300 ಬಂತು, 200 ನಷ್ಟವೇ. 455 ದಾಟಿದರೆ ಮಾತ್ರ ಲಾಭ. ಜೊತೆಗೆ, ದಿನ ಕಳೆದಂತೆಲ್ಲ ಧಾರಣೆ ಏರಲು ಉಳಿದ ಅವಕಾಶ ಕಡಿಮೆಯಾಗುವುದರಿಂದ, ಆ ಹಕ್ಕನ್ನು ಬೇರೆಯವರಿಗೆ ಮಾರಹೊರಟರೂ ಸಿಗುವ ಬೆಲೆ ಇಳಿಯುತ್ತಾ ಹೋಗುತ್ತದೆ.

ನಿಫ್ಟಿಯಲ್ಲೂ ಇದೇ. ಲೆಕ್ಕಕ್ಕೆ ಸುಲಭವಾಗಲೆಂದು ದುಂಡು ಅಂಕಿಗಳನ್ನು ತೆಗೆದುಕೊಳ್ಳೋಣ. ಶುಕ್ರವಾರ ಬೆಳಿಗ್ಗೆ ಸೂಚ್ಯಂಕ 25,000ದಲ್ಲಿದೆ. ಮಂಗಳವಾರ ಮುಗಿಯುವ 25,100ರ ಕಾಲ್ ಆಪ್ಷನ್ 80 ರೂಪಾಯಿಗೆ ಸಿಗುತ್ತದೆ. ಮಾರುಕಟ್ಟೆ ಏರುತ್ತದೆ ಎಂಬುದು ಕೊಂಡವನ ಊಹೆ. ಊಹೆ ನಿಜವಾಯಿತು: ಸೋಮವಾರ ಸಂಜೆ ಸೂಚ್ಯಂಕ 25,050. ಆದರೆ ಎರಡು ವಹಿವಾಟಿನ ದಿನ ಕಳೆದು ಒಂದೇ ಉಳಿದಿದೆ. ಮಾರುಕಟ್ಟೆಯ ಏರಿಳಿತ ಸಾಧಾರಣವಾಗಿದ್ದರೆ ಆ ಆಪ್ಷನ್ ಈಗ 47ರ ಆಸುಪಾಸಿನಲ್ಲಿರುತ್ತದೆ. ಮಂಗಳವಾರ ಮತ್ತೆ ಏರಿ 25,090ಕ್ಕೆ ಮುಗಿದರೆ ಆಪ್ಷನ್‌ನ ಬೆಲೆ ಸೊನ್ನೆ. ಸೂಚ್ಯಂಕ 90 ಅಂಶ ಮೇಲೆ ಹೋಗಿದೆ, ಹುಡುಗ ಹೇಳಿದ್ದೇ ಆಗಿದೆ, ಆರು ಸಾವಿರ ಪೂರ್ತಿ ಹೋಗಿದೆ. ಅವನಿಗೆ ಲಾಭವಾಗಬೇಕಿದ್ದರೆ ಸೂಚ್ಯಂಕ ನಾಲ್ಕು ದಿನದೊಳಗೆ 25,180 ದಾಟಬೇಕಿತ್ತು. ಇಲ್ಲವೇ ನಡುವೆ ಒಂದು ಜಿಗಿತ ಬಂದು, ಅದೇ ಹೊತ್ತಿಗೆ ಅವನು ಮಾರಿರಬೇಕಿತ್ತು. ದಿಕ್ಕು, ದೂರ, ದಿನ ಮೂರೂ ಕೂಡಿಬರಬೇಕು. ನಮ್ಮಲ್ಲಿ ಬಹಳ ಜನ ದಿಕ್ಕನ್ನಷ್ಟೇ ಯೋಚಿಸಿ ದುಡ್ಡು ಹಾಕುತ್ತಾರೆ.

"ಹಾಗಾದರೆ ಕೊಳ್ಳುವುದು ಬಿಟ್ಟು ಮಾರಿದರಾಯಿತಲ್ಲ, ಸಮಯ ನಮ್ಮ ಕಡೆ ಇರುತ್ತದೆ" ಎಂದು ಸೊಲ್ಲಾಪುರದ ಸದಸ್ಯರೊಬ್ಬರು ಕೇಳಿದರು. ಪ್ರಶ್ನೆ ಸರಿಯಾದದ್ದೇ. ಆಪ್ಷನ್ ಮಾರುವವನಿಗೆ ಹತ್ತರಲ್ಲಿ ಏಳೆಂಟು ಸಲ ಸಣ್ಣ ಲಾಭ ಬರಬಹುದು. ಆದರೆ ಕೊಂಡವನ ನಷ್ಟ ಆರು ಸಾವಿರಕ್ಕೆ ನಿಂತರೆ ಮಾರಿದವನ ನಷ್ಟಕ್ಕೆ ಅಂಥ ಗಡಿ ಇಲ್ಲ. ಅವನು ಹೊತ್ತಿರುವುದು 25,000ವನ್ನು 75ರಿಂದ ಗುಣಿಸಿದ ಮೊತ್ತದ, ಅಂದರೆ 18 ಲಕ್ಷ 75 ಸಾವಿರದ ಹೊಣೆ. ಅಡವಿಡಬೇಕಾದ ಮಾರ್ಜಿನ್ ಹಣವೇ ಲಕ್ಷದ ಮೇಲಾಗುತ್ತದೆ. ರಾತ್ರೋರಾತ್ರಿ ಸುದ್ದಿಯೊಂದು ಬಂದು ಬೆಳಿಗ್ಗೆ ಸೂಚ್ಯಂಕ 500 ಅಂಶ ಜಿಗಿದು ತೆರೆದರೆ, ತಿಂಗಳುಗಟ್ಟಲೆ ಕೂಡಿಸಿದ ಸಣ್ಣ ಲಾಭಗಳು ಒಂದೇ ಬೆಳಿಗ್ಗೆ ಹೋಗುತ್ತವೆ. ಸ್ಟಾಪ್‌ಲಾಸ್ ಹಾಕಿದ್ದರೂ ಮಾರುಕಟ್ಟೆ ಮುಚ್ಚಿದ್ದಾಗ ಅದು ಕೆಲಸ ಮಾಡುವುದಿಲ್ಲ.

ಈಗ ದೇಶದ ಲೆಕ್ಕಕ್ಕೆ ಬರೋಣ. 2024ರ ಸೆಪ್ಟೆಂಬರ್‌ನಲ್ಲಿ ಸೆಬಿ ಒಂದು ಅಧ್ಯಯನ ಪ್ರಕಟಿಸಿತು. 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನಲ್ಲಿ ತೊಡಗಿದ ಒಂದು ಕೋಟಿಗೂ ಹೆಚ್ಚು ಬಿಡಿ ಜನರಲ್ಲಿ ನೂರಕ್ಕೆ 93 ಮಂದಿ ಹಣ ಕಳೆದುಕೊಂಡಿದ್ದರು. ತಲಾ ನಷ್ಟ ಖರ್ಚು ಸೇರಿ ಸುಮಾರು 2 ಲಕ್ಷ. ಖರ್ಚು ಕಳೆದು ಒಂದು ಲಕ್ಷಕ್ಕಿಂತ ಹೆಚ್ಚು ಗಳಿಸಿದವರು ನೂರಕ್ಕೆ ಒಬ್ಬರು. 2025ರ ಜುಲೈಯಲ್ಲಿ ಬಂದ ಮುಂದಿನ ಅಧ್ಯಯನದಲ್ಲೂ 2024-25ರಲ್ಲಿ ಸೋತವರು ನೂರಕ್ಕೆ 91, ಒಟ್ಟು ನಷ್ಟ ಒಂದು ಲಕ್ಷ ಐದು ಸಾವಿರ ಕೋಟಿ ರೂಪಾಯಿ ದಾಟಿತ್ತು.

ಈ ಹಣ ಎಲ್ಲಿಗೆ ಹೋಗುತ್ತದೆ? ಆಪ್ಷನ್‌ನಲ್ಲಿ ಹೊಸದಾಗಿ ಏನೂ ಬೆಳೆಯುವುದಿಲ್ಲ. ಒಬ್ಬನ ಜೇಬಿನಿಂದ ಹೋದದ್ದೇ ಇನ್ನೊಬ್ಬನ ಜೇಬಿಗೆ ಬರಬೇಕು, ನಡುವೆ ಶುಲ್ಕ ಕಳೆದು. ಸೆಬಿಯ ಲೆಕ್ಕದಂತೆ 2023-24ರಲ್ಲಿ, ಖರ್ಚು ಬಿಟ್ಟು, ಸ್ವಂತ ಹಣದಲ್ಲಿ ವ್ಯವಹರಿಸುವ ಸಂಸ್ಥೆಗಳು ಸುಮಾರು 33,000 ಕೋಟಿ, ವಿದೇಶಿ ಹೂಡಿಕೆದಾರರು ಸುಮಾರು 28,000 ಕೋಟಿ ಗಳಿಸಿದರು. ಬಿಡಿ ಜನ ಮತ್ತು ಇತರರು ಕಳೆದುಕೊಂಡದ್ದು 61,000 ಕೋಟಿಗೂ ಹೆಚ್ಚು. ತಕ್ಕಡಿ ಸರಿಹೋಯಿತಲ್ಲ! ಗೆದ್ದ ಸಂಸ್ಥೆಗಳ ಲಾಭದಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಪಾಲು ಕಂಪ್ಯೂಟರ್ ಪ್ರೋಗ್ರಾಂಗಳಿಂದ ನಡೆದ ವ್ಯವಹಾರದ್ದು. ಶಿಫ್ಟ್ ನಡುವೆ ಕ್ಯಾಂಟೀನಿನಲ್ಲಿ ಮೊಬೈಲ್ ನೋಡುವ ನಮ್ಮ ಹುಡುಗನ ಎದುರಿಗೆ ಕೂತಿರುವುದು ಇಂಥವರು.

ಎದುರಿಗಿರುವವರು ಯಾವಾಗಲೂ ನಿಯಮದಂತೆಯೇ ಆಡುತ್ತಾರೆಯೇ ಎಂಬ ಪ್ರಶ್ನೆಯೂ ಎದ್ದಿದೆ. 2025ರ ಜುಲೈಯಲ್ಲಿ ಸೆಬಿ ಅಮೆರಿಕದ ಜೇನ್ ಸ್ಟ್ರೀಟ್ ಸಮೂಹದ ವಿರುದ್ಧ ಮಧ್ಯಂತರ ಆದೇಶ ಹೊರಡಿಸಿ, ಆಪ್ಷನ್ ಮುಗಿಯುವ ದಿನಗಳಲ್ಲಿ ಸೂಚ್ಯಂಕವನ್ನು ತಮಗೆ ಬೇಕಾದಂತೆ ಎಳೆದ ಆರೋಪದ ಮೇಲೆ 4,843 ಕೋಟಿ ರೂಪಾಯಿ ತಡೆಹಿಡಿಯಲು ಹೇಳಿತು. ಸಮೂಹ ಆರೋಪವನ್ನು ಅಲ್ಲಗಳೆದು ಮೇಲ್ಮನವಿಗೆ ಹೋಯಿತು. ಸರಿ ತಪ್ಪು ತೀರ್ಮಾನಿಸುವುದು ನಮ್ಮ ಕೆಲಸವಲ್ಲ. ಆಟದ ಪ್ರಮಾಣ ತಿಳಿಯಲು ಆ ಮೊತ್ತ ಸಾಕು.

ನಮ್ಮ ಪುಟದಲ್ಲಿ ಈ ವಿಷಯ ಏಕೆ ಎಂದು ಕೇಳುವವರಿಗೆ ಅದೇ ಅಧ್ಯಯನದ ಇನ್ನೆರಡು ಅಂಕಿ. ಈ ವ್ಯವಹಾರಕ್ಕಿಳಿದ ಬಿಡಿ ಜನರಲ್ಲಿ ನೂರಕ್ಕೆ 72ಕ್ಕೂ ಹೆಚ್ಚು ಮಂದಿ ದೇಶದ ಮೊದಲ ಮೂವತ್ತು ನಗರಗಳ ಹೊರಗಿನವರು, ಅಂದರೆ ನಮ್ಮಂಥ ಊರಿನವರು. ಮೂವತ್ತು ವರ್ಷದೊಳಗಿನವರ ಪಾಲು ಒಂದೇ ವರ್ಷದಲ್ಲಿ ನೂರಕ್ಕೆ 31ರಿಂದ 43ಕ್ಕೆ ಏರಿತ್ತು. ಸತತ ಎರಡು ವರ್ಷ ಸೋತವರಲ್ಲಿ ಮುಕ್ಕಾಲು ಪಾಲು ಜನ ಮತ್ತೆ ಆಡುತ್ತಲೇ ಇದ್ದರು ಎಂಬುದು ನಮಗೆ ಎಲ್ಲಕ್ಕಿಂತ ಹೆಚ್ಚು ನೋವಿನ ಮಾತು. ಮನೆಯಲ್ಲಿ ಹೇಳದೆ ಸಾಲದ ಆ್ಯಪ್‌ಗಳಿಂದ ಹಣ ತೆಗೆಯುವುದು ಶುರುವಾಗುವುದು ಇಂಥ ಹಂತದಲ್ಲೇ.

ಷೇರುಗಳನ್ನೇ ಬೆಳಿಗ್ಗೆ ಕೊಂಡು ಮಧ್ಯಾಹ್ನ ಮಾರುವ ಇಂಟ್ರಾಡೇ ಸ್ವಲ್ಪ ವಾಸಿ, ಸ್ವಲ್ಪ ಮಾತ್ರ. 2022-23ರಲ್ಲಿ ಅಲ್ಲಿ ಸೋತವರು ಹತ್ತರಲ್ಲಿ ಏಳು ಮಂದಿ. ವರ್ಷಕ್ಕೆ ಐನೂರಕ್ಕಿಂತ ಹೆಚ್ಚು ಸಲ ಕೊಂಡು ಮಾರಿದವರಲ್ಲಿ ಹತ್ತಕ್ಕೆ ಎಂಟು. ದಲ್ಲಾಳಿ ಐದು ಪಟ್ಟಿನವರೆಗೆ ಸಾಲದ ಬಲ ಕೊಡುವುದರಿಂದ 20,000 ಇಟ್ಟು ಲಕ್ಷದ ಷೇರು ಹಿಡಿಯಬಹುದು. ಷೇರು ನೂರಕ್ಕೆ ಎರಡು ಇಳಿದರೆ ನಮ್ಮ ಹಣ ನೂರಕ್ಕೆ ಹತ್ತು ಇಳಿಯುತ್ತದೆ. ಸಂಜೆಯವರೆಗೆ ಕಾದರೆ ಸರಿಹೋಗುತ್ತದೆ ಎನ್ನಲೂ ಆಗದು. ಮೂರೂಕಾಲರ ಸುಮಾರಿಗೆ ದಲ್ಲಾಳಿಯೇ ಮಾರಿಬಿಡುತ್ತಾನೆ, ಹಲವರು ಅದಕ್ಕೂ ಬೇರೆ ಶುಲ್ಕ ಹಾಕುತ್ತಾರೆ.

ಸರ್ಕಾರ ಸುಮ್ಮನಿಲ್ಲ. 2024ರ ನವೆಂಬರ್‌ನಿಂದ ಪ್ರತಿ ಎಕ್ಸ್‌ಚೇಂಜಿಗೆ ಒಂದೇ ಸೂಚ್ಯಂಕದ ವಾರದ ಆಪ್ಷನ್ ಇರಬೇಕು ಎಂದಾಯಿತು. ಗುತ್ತಿಗೆಯ ಗಾತ್ರವನ್ನು ಕನಿಷ್ಠ 15 ಲಕ್ಷಕ್ಕೆ ಏರಿಸಲಾಯಿತು. ಷೇರು ಪಾಠ ಹೇಳುವವರು ಕಳೆದ ಮೂರು ತಿಂಗಳ ಬೆಲೆಗಳನ್ನು ಬಳಸಬಾರದು ಎಂಬ ನಿಯಮ 2025ರ ಜನವರಿಯಲ್ಲಿ ಬಂತು. ಆದ್ದರಿಂದ ಯಾರಾದರೂ ಟೆಲಿಗ್ರಾಂ ಗುಂಪಿನಲ್ಲಿ "ಇವತ್ತು ಇದನ್ನು ಕೊಳ್ಳಿ" ಎಂದರೆ ಅವರ ಸೆಬಿ ನೋಂದಣಿ ಸಂಖ್ಯೆ ಕೇಳಿ, ಸೆಬಿಯ ಜಾಲತಾಣದಲ್ಲಿ ಅದನ್ನು ಹುಡುಕಿ ನೋಡಿ. ಕನ್ನಡದಲ್ಲಿ ಹೇಳಿದ ಮಾತ್ರಕ್ಕೆ ನಮ್ಮವರಾಗುವುದಿಲ್ಲ.

ಇನ್ನು ಹೊಸೂರಿನ ಮನೆಯಲ್ಲಿ ಏನು ಮಾಡಿದರು ಎಂಬುದು. ಮೊದಲನೆಯದಾಗಿ, ಹುಡುಗನೇ ದಲ್ಲಾಳಿಯ ಆ್ಯಪ್‌ನಲ್ಲಿ ಫ್ಯೂಚರ್ಸ್-ಆಪ್ಷನ್ಸ್ ವಿಭಾಗವನ್ನು ನಿಷ್ಕ್ರಿಯಗೊಳಿಸಿದ. ಡಿಮ್ಯಾಟ್ ಖಾತೆ ಮುಚ್ಚಬೇಕಿಲ್ಲ. ಆ ವಿಭಾಗವನ್ನಷ್ಟೇ ತೆಗೆಯಬಹುದು. ಮತ್ತೆ ಬೇಕಾದರೆ ಅರ್ಜಿ ಹಾಕಿ ಕಾಯಬೇಕಾಗುವುದರಿಂದ ಒಂದು ಗಳಿಗೆಯ ಆಸೆಗೆ ತಡೆಯಿರುತ್ತದೆ. ಎರಡನೆಯದು, ತೆರಿಗೆ. ಆಪ್ಷನ್ ನಷ್ಟವನ್ನು ವ್ಯಾಪಾರದ ನಷ್ಟವೆಂದು ಐಟಿಆರ್-3ರಲ್ಲಿ, ಕೊನೆಯ ದಿನಾಂಕದೊಳಗೆ ತೋರಿಸಬೇಕು. ಸಂಬಳದಿಂದ ಅದನ್ನು ಕಳೆಯಲು ಬರುವುದಿಲ್ಲ, ಆದರೆ ಮುಂದಿನ ಎಂಟು ವರ್ಷದ ವ್ಯಾಪಾರದ ಲಾಭಕ್ಕೆ ಹೊಂದಿಸಬಹುದು. ಇಂಟ್ರಾಡೇ ನಷ್ಟ ಸಟ್ಟಾ ವ್ಯವಹಾರದ ಲೆಕ್ಕ. ನಾಲ್ಕೇ ವರ್ಷ, ಅದೇ ಬಗೆಯ ಲಾಭಕ್ಕೆ ಮಾತ್ರ. ಸಂಬಳದವರು ರೂಢಿಯಂತೆ ಐಟಿಆರ್-1 ತುಂಬಿಬಿಟ್ಟು ಆಮೇಲೆ ನೋಟಿಸ್ ಬಂದಾಗ ಗಾಬರಿಯಾಗುತ್ತಾರೆ.

ಆಮೇಲೆ ಹಣದ ಮಾತು. ಉಳಿದ ಹನ್ನೊಂದು ಸಾವಿರ ಬ್ಯಾಂಕಿನ ಆರ್‌ಡಿಗೆ ಹೋಯಿತು ಎನ್ನುವ ಬದಲು, ಹೋಗುವ ದಾರಿಯಲ್ಲಿದೆ ಎನ್ನೋಣ. ಮೂರು ತಿಂಗಳ ಮನೆಖರ್ಚು ಕೈಗೆ ಸಿಗುವಂತೆ ಕೂಡುವವರೆಗೆ ಬೇರೇನೂ ಬೇಡ ಎಂದು ತಂದೆ ಮಗ ಒಪ್ಪಿದ್ದಾರೆ. ಅದಾದ ಮೇಲೆ ಏನು ಎಂದು ಕೇಳಿದಾಗ ನಾವು ಒಂದು ಹೋಲಿಕೆ ಹಾಕಿ ತೋರಿಸಿದೆವು. ಅವನು ಶುಲ್ಕವಾಗಿಯೇ ಕಟ್ಟುತ್ತಿದ್ದುದು ತಿಂಗಳಿಗೆ ಸುಮಾರು 4,800. ಅದನ್ನು ಅಂಚೆ ಕಚೇರಿಯ ಪಿಪಿಎಫ್‌ಗೆ ಪ್ರತಿ ತಿಂಗಳು ಐದನೇ ತಾರೀಖಿನೊಳಗೆ ಕಟ್ಟಿದರೆ, 2020ರಿಂದ ನಡೆದುಬಂದಿರುವ ನೂರಕ್ಕೆ 7.1ರ ಬಡ್ಡಿಯೇ ಮುಂದುವರಿದರೆ, ಹದಿನೈದು ವರ್ಷಕ್ಕೆ ಕಟ್ಟಿದ್ದು 8 ಲಕ್ಷ 64 ಸಾವಿರ, ಕೈಗೆ ಬರುವುದು ಸುಮಾರು 15 ಲಕ್ಷ. ಬಡ್ಡಿಯನ್ನು ಸರ್ಕಾರ ಮೂರು ತಿಂಗಳಿಗೊಮ್ಮೆ ನಿಗದಿ ಮಾಡುತ್ತದೆ, ಬದಲಾಗಬಹುದು. ಐದನೇ ತಾರೀಖು ಏಕೆಂದರೆ, ಐದರಿಂದ ತಿಂಗಳ ಕೊನೆಯವರೆಗಿನ ಅತಿ ಕಡಿಮೆ ಶಿಲ್ಕಿನ ಮೇಲೆ ಬಡ್ಡಿ ಬೀಳುತ್ತದೆ. ಆರಕ್ಕೆ ಕಟ್ಟಿದರೆ ಆ ತಿಂಗಳ ಬಡ್ಡಿ ಇಲ್ಲ.

ಹುಡುಗನಿಗೆ ಮಾತ್ರ ಷೇರು ಪೂರ್ತಿ ಬಿಡಲು ಮನಸ್ಸಿಲ್ಲ. ಬಿಡಬೇಕೆಂದು ನಾವೂ ಹೇಳುವುದಿಲ್ಲ. ನಿಫ್ಟಿಯ ಐವತ್ತು ಕಂಪನಿಗಳನ್ನೂ ಅದೇ ಪ್ರಮಾಣದಲ್ಲಿ ಹಿಡಿದಿಡುವ ಇಂಡೆಕ್ಸ್ ಫಂಡ್‌ಗೆ ತಿಂಗಳಿಗೆ ಒಂದೆರಡು ಸಾವಿರದ ಎಸ್‌ಐಪಿ ಹಾಕಬಹುದು. 'ಡೈರೆಕ್ಟ್' ಯೋಜನೆ ಆರಿಸಿಕೊಂಡರೆ ಹಲವು ಫಂಡ್‌ಗಳಲ್ಲಿ ವರ್ಷದ ಖರ್ಚು ಲಕ್ಷಕ್ಕೆ ಇನ್ನೂರೈವತ್ತು ರೂಪಾಯಿಯೊಳಗೇ ಇರುತ್ತದೆ. ಇಲ್ಲಿ ನಮ್ಮ ಲಾಭಕ್ಕೆ ಇನ್ನೊಬ್ಬರು ಸೋಲಬೇಕಿಲ್ಲ. ಕಂಪನಿಗಳು ಗಳಿಸಿದರೆ ಅದರಲ್ಲಿ ನಮಗೂ ಪಾಲಿರುತ್ತದೆ. ಆದರೆ ಇದೂ ಪಿಪಿಎಫ್‌ನಂತೆ ನೆಲ ಹಿಡಿದ ಹಣವಲ್ಲ. 2020ರ ಜನವರಿಯಲ್ಲಿ 12,300 ದಾಟಿದ್ದ ನಿಫ್ಟಿ ಮಾರ್ಚ್ 23ಕ್ಕೆ 7,610ಕ್ಕೆ ಬಿದ್ದಿತ್ತು. ಲಕ್ಷ ರೂಪಾಯಿ ಎರಡು ತಿಂಗಳಲ್ಲಿ 62,000 ಆದಾಗ ಮಾರದೆ ಇರಬಲ್ಲವರಿಗೆ, ಏಳೆಂಟು ವರ್ಷ ಆ ಹಣ ಬೇಕಾಗದವರಿಗೆ ಮಾತ್ರ ಇದು. ತಂಗಿಯ ಮದುವೆಗೆ, ಬರುವ ವರ್ಷದ ಕಾಲೇಜು ಶುಲ್ಕಕ್ಕೆ ಎತ್ತಿಟ್ಟದ್ದು ಇಲ್ಲಿಗೆ ಬರಬಾರದು.

ತಂದೆ ಎಲ್ಲ ಕೇಳಿ, "ಇದರಲ್ಲಿ ದಿನಾ ನೋಡೋಕೆ ಏನಿದೆ ಸಾರ್?" ಎಂದರು. ಏನೂ ಇಲ್ಲ ಎಂದೆವು. ಮಗನಿಗೆ ಅದೇ ಬೇಸರವಂತೆ.

ಈ ಬರಹ ಓದಿ ತಮ್ಮ ಅಥವಾ ಮಕ್ಕಳ ಲೆಕ್ಕ ನೋಡಬೇಕೆನಿಸಿದವರು ದಲ್ಲಾಳಿಯ ಜಾಲತಾಣದಿಂದ 'ಟ್ಯಾಕ್ಸ್ ಪಿ ಅಂಡ್ ಎಲ್' ಎಂಬ ವರ್ಷದ ಪಟ್ಟಿಯನ್ನು ಇಳಿಸಿಕೊಳ್ಳಿ. ಆ್ಯಪ್‌ನ ಮುಖಪುಟದ ಅಂಕಿ ಸಾಲದು. ಅದರಲ್ಲಿ ಒಟ್ಟು ಲಾಭ-ನಷ್ಟ, ಒಟ್ಟು ಶುಲ್ಕ, ಒಟ್ಟು ವ್ಯವಹಾರಗಳ ಸಂಖ್ಯೆ, ಈ ಮೂರನ್ನು ಗುರುತು ಮಾಡಿ. ಮುಂದಿನ ಮಾಸಿಕ ಸಭೆ ಮುಗಿದ ಮೇಲೆ ಒಂದು ಗಂಟೆ ಕೂತು ಓದೋಣ. ಹೆಸರು ಮತ್ತು ಪ್ಯಾನ್ ಸಂಖ್ಯೆ ಇರುವ ಜಾಗಕ್ಕೆ ಕಾಗದ ಅಂಟಿಸಿ ತನ್ನಿ.